ಹುಣಸೆಹಣ್ಣು ಇಲ್ಲದ ದಿನದ ಖಟ್ಟಿ ದಾಲ್

ನಮ್ಮ ಮನೆಯಲ್ಲಿ ಶುಕ್ರವಾರ ನಮಾಜಿನ ನಂತರ ಅನ್ನ, ಖಟ್ಟಿ ದಾಲ್ ಆಗಲೇಬೇಕು. ಹೋದ ತಿಂಗಳು ಅಮ್ಮಿ ಊರಿಗೆ ಹೋಗಿದ್ದರು. ನಾನೇ ಅಡುಗೆಗೆ ನಿಂತೆ. ಡಬ್ಬಿ ತೆಗೆದರೆ ಹುಣಸೆಹಣ್ಣು ಇಲ್ಲ. ಇಳಕಲ್ ಪೇಟೆಯಿಂದ ತಂದ ಒಂದು ಸಿವುಡು ಪುಂಡಿಪಲ್ಲೆ ಮಾತ್ರ ಇತ್ತು. ಪುಂಡಿಯೂ ಹುಳಿಯೇ ಅಲ್ಲವೇ ಎಂದು ಎಲೆ ಬಿಡಿಸಿ, ತೊಗರಿಬೇಳೆಯ ಜೊತೆಗೇ ಕುಕ್ಕರಿಗೆ ಹಾಕಿಬಿಟ್ಟೆ.

ನಾಲ್ಕು ಸೀಟಿ ಆದರೂ ಬೇಳೆ ಕರಗಲಿಲ್ಲ, ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಕಾಳು ಸಿಗುತ್ತಿತ್ತು. ಮತ್ತೆ ಮೂರು ಸೀಟಿ ಕೂಗಿಸಿದೆ. ಎಲೆ ಕರಗಿ ಹೋಯಿತು, ಬೇಳೆ ಮಾತ್ರ ಹಾಗೇ ಉಳಿಯಿತು. ಫೋನಿನಲ್ಲಿ ಅಮ್ಮಿ ನಕ್ಕು, "ಪೈಲೇ ದಾಲ್ ಗಲ್ನಾ, ಬಾದ್ ಮೆ ಖಟ್ಟಾ ಡಾಲ್ನಾ" ಎಂದರು. ಅಂದರೆ ಮೊದಲು ಬೇಳೆ ಬೇಯಬೇಕು, ಹುಳಿ ಆಮೇಲೆ. ಕಾರಣ ಇಷ್ಟೆ: ಕಾಳಿನ ಕಣಗಳನ್ನು ಪೆಕ್ಟಿನ್ ಎಂಬ ಅಂಟು ಹಿಡಿದಿರುತ್ತದೆ. ಹುಳಿ ನೀರಿನಲ್ಲಿ ಆ ಅಂಟು ಬೇಗ ಬಿಡುವುದಿಲ್ಲ.

ಮುಂದಿನ ಶುಕ್ರವಾರ ಸರಿಯಾಗಿ ಮಾಡಿದೆ. ಒಂದು ಕಪ್ ತೊಗರಿಬೇಳೆಯನ್ನು ಅರಿಶಿನ ಹಾಕಿ ಮೆತ್ತಗೆ ಬೇಯಿಸಿ ಕಡೆದೆ. ಎರಡು ಹಿಡಿ ಪುಂಡಿ ಎಲೆಯನ್ನು ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಕಿವುಚಿ ಬೇಳೆಗೆ ಸೇರಿಸಿದೆ. ಎಲೆ ಬಲಿತಿದ್ದರೆ ಹುಳಿ ಹೆಚ್ಚು. ಆಗ ಕುದಿಸಿದ ನೀರನ್ನು ಚೆಲ್ಲಬೇಕು. ಕೊನೆಗೆ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿಯ ಬಘಾರ್. ಹುಣಸೆಯ ಕಂದು ಬಣ್ಣ ಬರಲಿಲ್ಲ, ದಾಲ್ ಸ್ವಲ್ಪ ಹಸಿರಾಯಿತು. ರುಚಿಗೆ ಕೊರತೆ ಇರಲಿಲ್ಲ.

ಪುಂಡಿ ಸಿಗದಿದ್ದರೆ ಮೂರು ಹಣ್ಣಾದ ಜವಾರಿ ಟೊಮೆಟೊ ಆಗುತ್ತದೆ. ಆದರೆ ಟೊಮೆಟೊ ನೀರು ಬಿಡುತ್ತದೆ, ಆದ್ದರಿಂದ ದಾಲಿಗೆ ಹಾಕುವ ನೀರು ಕಡಿಮೆ ಮಾಡಬೇಕು. ನಿಂಬೆಯಾದರೆ ಒಂದು ಹಣ್ಣಿನ ರಸ ಸಾಕು, ಆದರೆ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಹುಣಸೆ ಎಷ್ಟು ಕುದಿದರೂ ತಡೆಯುತ್ತದೆ. ನಿಂಬೆ ಕುದಿದರೆ ಘಮ ಹೋಗಿ ಕಹಿ ಉಳಿಯುತ್ತದೆ.

ಮೊಸರು, ಮೊಟ್ಟೆ ಇಲ್ಲದಾಗಲೂ ನಾನು ಈಗ ಮೊದಲು ಕೇಳಿಕೊಳ್ಳುವುದು, ಆ ಪದಾರ್ಥ ಅಡುಗೆಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು. ಕೋಳಿ ಸಾಲನ್‌ನಲ್ಲಿ ಮೊಸರು ಹುಳಿಯನ್ನೂ ಕೊಡುತ್ತದೆ, ರಸವನ್ನು ಗಟ್ಟಿಯೂ ಮಾಡುತ್ತದೆ. ಬರೀ ನಿಂಬೆ ಹಿಂಡಿದರೆ ಸಾಲನ್ ನೀರಾಗಿಯೇ ಉಳಿಯುತ್ತದೆ, ಜೊತೆಗೆ ಎರಡು ಚಮಚ ಹುರಿದ ಶೇಂಗಾ ಪುಡಿ ಬೇಕು. ಕಬಾಬಿನಲ್ಲಿ ಮೊಟ್ಟೆಯ ಕೆಲಸ ಹಿಡಿದಿಡುವುದು. ಅಲ್ಲಿ ಎರಡು ಚಮಚ ಪುಠಾಣಿ ಹಿಟ್ಟು ಸಾಕು. ಮೊದಲು ಒಂದೇ ಕಬಾಬ್ ಕರಿದು ನೋಡಿ, ಒಡೆದರೆ ಇನ್ನೊಂದು ಚಮಚ ಸೇರಿಸಿ. ಆದರೆ ಅದೇ ಹಿಟ್ಟು ಕೇಕಿಗೆ ಆಗದು, ಏಕೆಂದರೆ ಅಲ್ಲಿ ಮೊಟ್ಟೆ ಉಬ್ಬಿಸುವ ಕೆಲಸವನ್ನೂ ಮಾಡುತ್ತದೆ.

ಅಂದಹಾಗೆ, ಮೊದಲ ಶುಕ್ರವಾರದ ಆ ಗಟ್ಟಿ ದಾಲನ್ನು ಅಬ್ಬಾ ಏನೂ ಹೇಳದೆ ಉಂಡರು. ಎರಡನೆಯದನ್ನು ಮತ್ತೆ ಬಡಿಸಿಕೊಂಡರು.