ನೀಲಿಗಟ್ಟುವ ಕೂಸು: ಆಪರೇಷನ್‌ಗೆ ಎಷ್ಟು ದಿನ ಕಾಯಬಹುದು?

ಮೂರು-ನಾಲ್ಕು ತಿಂಗಳ ಕೂಸು. ಬೆಳಿಗ್ಗೆ ಎದ್ದು ಅಳುತ್ತದೆ, ಎಷ್ಟು ಸಮಾಧಾನಪಡಿಸಿದರೂ ಸುಮ್ಮನಾಗುವುದಿಲ್ಲ. ಉಸಿರು ಜೋರಾಗುತ್ತದೆ, ಆಳವಾಗುತ್ತದೆ. ತುಟಿ, ನಾಲಿಗೆ, ಉಗುರುಗಳು ನೀಲಿಗೆ ತಿರುಗುತ್ತವೆ. ಸ್ವಲ್ಪ ಹೊತ್ತಿನಲ್ಲಿ ಮಗು ಸೋತು ಕೈಕಾಲು ಸಡಿಲ ಬಿಡುತ್ತದೆ. ಕೆಲವು ಮಕ್ಕಳಿಗೆ ಫಿಟ್ಸ್ ಬರುವುದೂ ಉಂಟು. ಬಾಲಗ್ರಹವೆಂದು ತಾಯತ ಕಟ್ಟಿಸಿ ಸುಮ್ಮನಾಗುವ ಮನೆಗಳು ಈಗಲೂ ಇವೆ. ಹಟ ಮಾಡಿ ಉಸಿರು ಕಟ್ಟುವ ಮಕ್ಕಳೂ ನೀಲಿಯಾಗುತ್ತಾರಲ್ಲ ಎಂದು ಕೇಳಬಹುದು. ಅವರಲ್ಲಿ ಉಸಿರು ನಿಂತಿರುತ್ತದೆ. ಇಲ್ಲಿ ಉಸಿರು ನಿಲ್ಲುವುದಿಲ್ಲ, ಇನ್ನಷ್ಟು ವೇಗವಾಗಿ ಏರಿಳಿಯುತ್ತಿರುತ್ತದೆ.

ಹೃದ್ರೋಗ ವೈದ್ಯರು ಇದನ್ನು ‘ಸ್ಪೆಲ್’ ಎನ್ನುತ್ತಾರೆ. ಹಿಂದಿರುವ ಕಾಯಿಲೆ ‘ಟೆಟ್ರಾಲಜಿ ಆಫ್ ಫ್ಯಾಲೋ’. ಫ್ರಾನ್ಸಿನ ಮಾರ್ಸೇಯ ವೈದ್ಯ ಎತಿಯೆನ್ ಫ್ಯಾಲೋ 1888ರಲ್ಲಿ ನೀಲಿ ರೋಗಿಗಳ ಹೃದಯಗಳಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುವುದನ್ನು ವಿವರವಾಗಿ ಬರೆದ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತು. ಬಲ ಕೋಣೆಯಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ದೇಹಕ್ಕೆ ರಕ್ತ ಒಯ್ಯುವ ಮಹಾಧಮನಿ ತನ್ನ ಜಾಗ ಬಿಟ್ಟು ತೂತಿನ ಮೇಲೆಯೇ ಕೂತಿರುವುದು. ಬಲ ಕೋಣೆಯ ಗೋಡೆ ದಪ್ಪಗಾಗಿರುವುದು. ನಾಲ್ಕು ಎಂದು ಎಣಿಸಿದರೂ ಮೂಲದಲ್ಲಿ ಇದು ಒಂದೇ ತಪ್ಪು. ಗರ್ಭದಲ್ಲಿ ಹೃದಯ ರೂಪುಗೊಳ್ಳುವಾಗ ಒಂದು ಸಣ್ಣ ಗೋಡೆ ಸರಿಯಾದ ಜಾಗದಲ್ಲಿ ಕೂರದೆ ಮುಂದಕ್ಕೆ ವಾಲುತ್ತದೆ. ಅದು ವಾಲಿದ ಕಡೆ ದಾರಿ ಕಿರಿದಾಗುತ್ತದೆ, ಬಿಟ್ಟ ಕಡೆ ತೂತು ಉಳಿಯುತ್ತದೆ, ಉಳಿದೆರಡು ಅದರ ಪರಿಣಾಮ.

ಬಲ ಕೋಣೆಯ ರಕ್ತಕ್ಕೆ ಹೀಗೆ ಎರಡು ದಾರಿಗಳಾದವು. ಕಾಲುವೆಯ ಒಂದು ತೂಬು ಕಟ್ಟಿಕೊಂಡರೆ ನೀರು ಇನ್ನೊಂದರ ಕಡೆ ನುಗ್ಗುವಂತೆ, ಶ್ವಾಸಕೋಶದ ದಾರಿ ಬಿಗಿಯಾದಷ್ಟೂ ಆಮ್ಲಜನಕವಿಲ್ಲದ ರಕ್ತ ತೂತಿನ ಮೂಲಕ ನೇರ ಮಹಾಧಮನಿಗೆ ಹೋಗುತ್ತದೆ. ಆ ದಾರಿಯ ಬಿಗಿತ ದಿನವಿಡೀ ಒಂದೇ ಸಮ ಇರುವುದಿಲ್ಲ. ಅತ್ತಾಗ, ಮಲವಿಸರ್ಜನೆಗೆ ತಿಣುಕಿದಾಗ, ಭೇದಿಯಿಂದ ಮೈಯ ನೀರು ಬತ್ತಿದಾಗ ಸಮತೋಲನ ತಪ್ಪುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಮಗು ಜೋರಾಗಿ ಉಸಿರಾಡುತ್ತದೆ. ಅದರಿಂದ ಇನ್ನಷ್ಟು ರಕ್ತ ಬಲ ಕೋಣೆಗೆ ಬಂದು, ಅದೂ ತಪ್ಪುದಾರಿಯಲ್ಲೇ ಹೋಗುತ್ತದೆ. ಸುಳಿಗೆ ಸಿಕ್ಕ ಹಾಗೆ ಒಂದನ್ನೊಂದು ಬೆಳೆಸುತ್ತದೆ. ಈ ಮಕ್ಕಳ ಎದೆಯಲ್ಲಿ ಸ್ಟೆತಾಸ್ಕೋಪಿಗೆ ಕೇಳುವ ‘ಮರ್ಮರ್’ ಸದ್ದು ಕಿರಿದಾದ ದಾರಿಯಲ್ಲಿ ರಕ್ತ ನುಗ್ಗುವುದರಿಂದ ಬರುವಂಥದ್ದು. ಸ್ಪೆಲ್ ಜೋರಾದಾಗ ಆ ಸದ್ದು ಕ್ಷೀಣಿಸುತ್ತದೆ ಅಥವಾ ನಿಂತೇ ಹೋಗುತ್ತದೆ. ಇಲ್ಲಿ ಸದ್ದು ನಿಂತರೆ ಒಳ್ಳೆಯ ಸುದ್ದಿಯಲ್ಲ.

ಆ ಹೊತ್ತಿಗೆ ಮನೆಯವರು ಮಾಡಬಹುದಾದದ್ದು ಒಂದಿದೆ, ಅದನ್ನು ತಾಯಿಗೆ ಮಾತ್ರವಲ್ಲ, ಮಗುವನ್ನು ಎತ್ತಿಕೊಳ್ಳುವ ಅಜ್ಜಿಗೂ ಕಲಿಸಿಕೊಡಬೇಕು. ಮಗುವಿನ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿದು, ಸಂತೈಸುತ್ತಾ ಆಸ್ಪತ್ರೆಗೆ ಹೊರಡಬೇಕು. ಕಾಲು ಮಡಿಸಿದಾಗ ದೇಹದ ಕಡೆಯ ರಕ್ತನಾಳಗಳಲ್ಲಿ ಒತ್ತಡ ಏರಿ, ರಕ್ತ ಶ್ವಾಸಕೋಶದ ದಾರಿ ಹಿಡಿಯಲು ಸಹಾಯವಾಗುತ್ತದೆ. ಆಪರೇಷನ್ ಆಗದೆ ದೊಡ್ಡವರಾದ ಮಕ್ಕಳು ನಾಲ್ಕು ಹೆಜ್ಜೆ ಓಡಿ ತಾವಾಗಿಯೇ ಕುಕ್ಕರಗಾಲಲ್ಲಿ ಕೂರುತ್ತಿದ್ದುದು ಇದೇ ಕಾರಣಕ್ಕೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡುತ್ತಾರೆ, ಆದರೆ ರಕ್ತ ಶ್ವಾಸಕೋಶಕ್ಕೇ ಹೋಗದಿದ್ದರೆ ಅದರಿಂದಾಗುವ ಲಾಭ ಕಡಿಮೆ. ಮಾರ್ಫಿನ್, ರಕ್ತನಾಳದ ಮೂಲಕ ಸಲೈನ್, ಹೃದಯದ ಬಡಿತ ನಿಧಾನಿಸುವ ಪ್ರೊಪ್ರನೊಲಾಲ್ ಗುಂಪಿನ ಔಷಧ, ಅದಕ್ಕೂ ಬಗ್ಗದಿದ್ದರೆ ರಕ್ತದೊತ್ತಡ ಏರಿಸುವ ಔಷಧ ಇವೇ ಕೆಲಸ ಮಾಡುವುದು.

ಇನ್ನು ಆಪರೇಷನ್ ಯಾವಾಗ? ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಹುಟ್ಟಿದ ಇಪ್ಪತ್ತನೇ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮರ್ಮರ್ ಕೇಳಿ, ಎಕೋ ಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಯಿತು. ಆಕ್ಸಿಜನ್ ಮಟ್ಟ ನೂರಕ್ಕೆ 92. ನೋಡಲು ಕೆಂಪಗೇ ಇದೆ. ಇಂಥ ಮಗುವಿಗೆ ಅವಸರವಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಪೂರ್ತಿ ಸರಿಪಡಿಸುವ ಆಪರೇಷನ್ ಮಾಡುವುದು ನಮ್ಮ ದೇಶದಲ್ಲಿ ಸಾಮಾನ್ಯ ಕ್ರಮ, ಕೆಲವು ಕೇಂದ್ರಗಳು ಮೂರ್ನಾಲ್ಕು ತಿಂಗಳಿಗೇ ಮಾಡುತ್ತವೆ. ಇನ್ನೂ ಚಿಕ್ಕ ಮಗುವಿನಲ್ಲಿ ರಕ್ತನಾಳ ಕಿರಿದು, ಹೃದಯದ ಯಂತ್ರದ ಆಸರೆಯಲ್ಲಿ ಕಳೆಯುವ ಗಂಟೆಗಳು ಕಷ್ಟ, ಐಸಿಯು ವಾಸವೂ ಹೆಚ್ಚು. ತೀರ ತಡಮಾಡಿದರೆ ದಪ್ಪಗಾದ ಬಲ ಕೋಣೆ ಗಟ್ಟಿಯಾಗುತ್ತಾ ಹೋಗುತ್ತದೆ. ಪಾರ್ಶ್ವವಾಯು, ಮೆದುಳಿನಲ್ಲಿ ಕೀವುಗಟ್ಟುವುದರ ಅಪಾಯವೂ ಜೊತೆಗೆ ಬರುತ್ತದೆ.

ನಾಲ್ಕನೇ ತಿಂಗಳಲ್ಲಿ ಈ ಮಗುವಿಗೆ ಒಂದು ಸ್ಪೆಲ್ ಬಂತು ಎನ್ನಿ. ಅರ್ಧ ಗಂಟೆಯಲ್ಲಿ ಸರಿಯಾಯಿತು, ಮಗು ಮತ್ತೆ ಕೆಂಪಗಾಯಿತು, ಆಕ್ಸಿಜನ್ 90. ‘ಈಗ ಚೆನ್ನಾಗಿದೆಯಲ್ಲ, ಮುಂದಿನ ತಿಂಗಳು ನೋಡೋಣ’ ಎನ್ನಿಸುತ್ತದೆ. ಇಲ್ಲೇ ಎಡವುವುದು. ಸ್ಪೆಲ್ ಬಂದ ಕೆಂಪು ಮಗುವಿಗಿಂತ ಸದಾ ಒಂದಿಷ್ಟು ನೀಲಿಯಾಗಿದ್ದೂ ಸ್ಪೆಲ್ ಬಾರದ ಮಗುವಿಗೆ ಕಾಯುವ ಅವಕಾಶ ಹೆಚ್ಚು ಇರಬಹುದು. ಮುಂದಿನ ಸ್ಪೆಲ್ ಯಾವಾಗ, ಎಷ್ಟು ಜೋರು ಎಂದು ಯಾರೂ ಹೇಳಲಾರರು. ಆದ್ದರಿಂದ ಪ್ರೊಪ್ರನೊಲಾಲ್ ಆರಂಭಿಸಿ ಆಪರೇಷನ್ ದಿನಾಂಕವನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಈ ಔಷಧ ಕಾಯುವ ದಿನಗಳಿಗೆ ಆಸರೆ, ಚಿಕಿತ್ಸೆಯಲ್ಲ. ಹೇಳದೆ ಕೇಳದೆ ನಿಲ್ಲಿಸುವಂತೆಯೂ ಇಲ್ಲ.

ಅದೇ ಹೊತ್ತಿಗೆ ಮಗುವಿನ ರಕ್ತ ಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ 10 ಎಂದು ಬಂದರೆ ಆಕ್ಸಿಜನ್ ಮಟ್ಟದ ಜೊತೆಗಿಟ್ಟೇ ಅದನ್ನು ಓದಬೇಕು. ಆಕ್ಸಿಜನ್ ಕಡಿಮೆ ಇರುವ ಮಗುವಿನ ದೇಹ ಹೆಚ್ಚು ಹಿಮೊಗ್ಲೋಬಿನ್ ತಯಾರಿಸಬೇಕು. ಅದು ಆಗದಿದ್ದರೆ ಕಬ್ಬಿಣಾಂಶದ ಕೊರತೆ ಇರಬಹುದು. ರಕ್ತಹೀನತೆ ಸ್ಪೆಲ್‌ಗೆ ಪೋಷಕ. ಕಬ್ಬಿಣದ ಡ್ರಾಪ್ಸ್ ಸರಿಯಾಗಿ ಕೊಟ್ಟರೆ ಕಾಯುವ ದಿನಗಳು ಸ್ವಲ್ಪ ಸುರಕ್ಷಿತವಾಗುತ್ತವೆ. ವಾಂತಿ-ಭೇದಿಯಾದರೆ ಮನೆಯಲ್ಲೇ ಕಾಯಬಾರದು.

ಪೂರ್ತಿ ಆಪರೇಷನ್‌ನಲ್ಲಿ ತೂತಿಗೆ ಪ್ಯಾಚ್ ಹೊಲಿದು, ಕಿರಿದಾದ ದಾರಿಯ ಅಡ್ಡ ಮಾಂಸವನ್ನು ಕತ್ತರಿಸಿ, ಬೇಕಾದರೆ ಕವಾಟದ ಬುಡವನ್ನೂ ಸೀಳಿ ಅಗಲಿಸುತ್ತಾರೆ. ಎರಡು ತಿಂಗಳಲ್ಲೇ ಸ್ಪೆಲ್ ಬಂದು, ಶ್ವಾಸಕೋಶದ ನಾಳಗಳು ತೀರ ಸಣ್ಣಗಿದ್ದರೆ, ಅಥವಾ ಮುಖ್ಯ ಹೃದಯ ರಕ್ತನಾಳವೊಂದು ಕತ್ತರಿ ಹಾಕಬೇಕಾದ ಜಾಗದ ಮೇಲೇ ಹಾದುಹೋಗಿದ್ದರೆ, ಮೊದಲು ಶಂಟ್ ಎಂಬ ಸಣ್ಣ ಕೊಳವೆ ಜೋಡಿಸಿ ಶ್ವಾಸಕೋಶಕ್ಕೆ ರಕ್ತ ಒದಗಿಸುತ್ತಾರೆ, ಪೂರ್ತಿ ಸರಿಪಡಿಸುವುದು ಆಮೇಲೆ. ಕೆಲವೆಡೆ ಕಿರಿದಾದ ದಾರಿಯಲ್ಲಿ ಸ್ಟೆಂಟ್ ಇಡುವುದೂ ಇದೆ. ಶಂಟ್‌ನ ಕಲ್ಪನೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಲೆನ್ ಟಾಸಿಗ್ ಅವರದು. 1944ರ ನವೆಂಬರ್ 29ರಂದು ಆಲ್ಫ್ರೆಡ್ ಬ್ಲೇಲಾಕ್ ಅದನ್ನು ಮೊದಲು ಮಾಡಿದರು. ಪ್ರಾಣಿಗಳ ಮೇಲೆ ಈ ಆಪರೇಷನ್ ರೂಪಿಸಿದ್ದ ತಂತ್ರಜ್ಞ ವಿವಿಯನ್ ಥಾಮಸ್, ಕಪ್ಪು ವರ್ಣದವರು, ಬ್ಲೇಲಾಕ್‌ರ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಸೂಚನೆ ಕೊಟ್ಟರು. ಶಂಟ್‌ಗೆ ಅವರ ಹೆಸರು ಸೇರಿದ್ದು ಎಷ್ಟೋ ದಶಕಗಳ ನಂತರ. ಹೃದಯ ತೆರೆದು ಪೂರ್ತಿ ಸರಿಪಡಿಸುವ ಆಪರೇಷನ್ 1954ರಲ್ಲಿ ಮಿನೆಸೋಟದ ವಾಲ್ಟನ್ ಲಿಲ್ಲೆಹೈ ಅವರಿಂದ ಆರಂಭವಾಯಿತು.

ಒಳ್ಳೆಯ ಕೇಂದ್ರಗಳಲ್ಲಿ ಈ ಆಪರೇಷನ್ ಮುಗಿಸಿದ ಬಹುಪಾಲು ಮಕ್ಕಳು ಬದುಕುತ್ತಾರೆ, ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಆದರೆ ಕವಾಟ ಸೀಳಿಸಿಕೊಂಡವರಲ್ಲಿ ರಕ್ತ ಹಿಮ್ಮುಖವಾಗಿ ಸೋರಿ ಬಲ ಕೋಣೆ ನಿಧಾನವಾಗಿ ಹಿಗ್ಗುತ್ತದೆ. ಬಹಳ ವರ್ಷ ಏನೂ ತಿಳಿಯುವುದಿಲ್ಲ. ಹರೆಯ ಅಥವಾ ಯೌವನದಲ್ಲಿ ಹೊಸ ಕವಾಟ ಹಾಕಬೇಕಾಗಬಹುದು, ಬಡಿತದ ಲಯ ತಪ್ಪುವುದೂ ಇದೆ. ಮಗ ಚೆನ್ನಾಗಿದ್ದಾನೆಂದು ತಪಾಸಣೆ ಬಿಟ್ಟ ಕುಟುಂಬಗಳು ತೊಂದರೆಗೆ ಸಿಗುವುದು ಆಗಲೇ. ಆಪರೇಷನ್ ಕಾಗದಗಳನ್ನು ಎಸೆಯದೆ ಇಟ್ಟುಕೊಂಡು, ಹೃದಯ ತಜ್ಞರ ಬಳಿಗೆ ಅವರು ಹೇಳಿದ ಅಂತರದಲ್ಲಿ ಜೀವನಪೂರ್ತಿ ಹೋಗುತ್ತಿರಬೇಕು. ಹೆಣ್ಣುಮಗುವಾಗಿದ್ದರೆ ಮದುವೆಯಾಗಿ ಬಸುರಿಯಾಗುವ ಮುಂಚೆಯೇ ಒಮ್ಮೆ ಎಕೋ ಮಾಡಿಸಬೇಕು.