ಕಾಯಿಸಿದರೆ ಕುಗ್ಗುವ ಕಬ್ಬಿಣ

ಎರಡು ಕಂಬಗಳ ನಡುವೆ ಒಂದು ಮೀಟರ್ ಉದ್ದದ ಮೆದು ಕಬ್ಬಿಣದ ತಂತಿಯನ್ನು ಬಿಗಿದು, ಮಧ್ಯದಲ್ಲಿ ಒಂದು ಸಣ್ಣ ತೂಕ ನೇತುಹಾಕಿ, ತಂತಿಗೆ ವಿದ್ಯುತ್ ಹರಿಸಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಮೊದಲ ಸಲ ಇದನ್ನು ನೋಡಿದ್ದು. ತಂತಿ ಬಿಸಿಯಾಗುತ್ತಾ ಹಿಗ್ಗುತ್ತದೆ, ತೂಕ ಮೆಲ್ಲಗೆ ಕೆಳಗಿಳಿಯುತ್ತದೆ. ತಂತಿ ಕೆಂಪಾಗುತ್ತದೆ, ತೂಕ ಇನ್ನಷ್ಟು ಇಳಿಯುತ್ತದೆ. ಉಷ್ಣತೆ ಸುಮಾರು 912 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಯಾರೋ ಮೇಲಿನಿಂದ ಎಳೆದ ಹಾಗೆ ತೂಕ ತಟಕ್ಕನೆ ಒಂದು ಬೆರಳಿನಷ್ಟು ಮೇಲಕ್ಕೆ ಬರುತ್ತದೆ. ಶಾಖ ಏರುತ್ತಲೇ ಇದೆ, ಆದರೂ ಕಬ್ಬಿಣ ಕುಗ್ಗಿತು.

ತಂತಿಯೊಳಗಿನ ಪರಮಾಣುಗಳು ಆ ಗಳಿಗೆಯಲ್ಲಿ ತಮ್ಮ ಜೋಡಣೆಯನ್ನೇ ಬದಲಿಸಿಕೊಂಡವು ಎಂಬುದೇ ಇದರ ಗುಟ್ಟು. ತಣ್ಣಗಿರುವಾಗ ಕಬ್ಬಿಣದ ಪರಮಾಣುಗಳು ಕಾಯಕೇಂದ್ರಿತ ಘನವಾಗಿ ಕೂತಿರುತ್ತವೆ. ಒಂದು ಪುಟ್ಟ ಚೌಕಟ್ಟಿನ ಪೆಟ್ಟಿಗೆಯ ಎಂಟು ಮೂಲೆಗಳಲ್ಲಿ ಒಂದೊಂದು, ನಟ್ಟ ನಡುವೆ ಇನ್ನೊಂದು. 912 ಡಿಗ್ರಿ ದಾಟಿದರೆ ಅವು ಮುಖಕೇಂದ್ರಿತ ಘನಕ್ಕೆ ಬದಲಾಗುತ್ತವೆ. ಆಗಲೂ ಎಂಟು ಮೂಲೆಗಳಲ್ಲಿ ಪರಮಾಣುಗಳಿವೆ, ಆದರೆ ನಡುವೆ ಇರುವುದರ ಬದಲು ಆರು ಮುಖಗಳ ಮಧ್ಯದಲ್ಲಿ ಒಂದೊಂದು ಕೂತಿರುತ್ತದೆ. ವಿದ್ಯಾರ್ಥಿಗಳು ದಿನವೂ ಹೇಳುವ ಬಿಸಿಸಿ, ಎಫ್‌ಸಿಸಿ ಎಂದರೆ ಇವೇ.

ಎರಡನೆಯ ಜೋಡಣೆಯನ್ನು ನೋಡಲು ಹಣ್ಣಿನ ಅಂಗಡಿಗೆ ಹೋದರೆ ಸಾಕು. ಮೋಸಂಬಿಯ ರಾಶಿ ಕಟ್ಟುವವರು ಮೊದಲ ಸಾಲಿನ ಹಣ್ಣುಗಳ ನಡುವಿನ ತಗ್ಗಿನಲ್ಲಿ ಮೇಲಿನ ಸಾಲಿನ ಹಣ್ಣನ್ನು ಕೂರಿಸುತ್ತಾರೆ. ಚೌಕವಾಗಿ ಕಟ್ಟಿದ ಅಂಥ ರಾಶಿ ಮುಖಕೇಂದ್ರಿತ ಜೋಡಣೆಯೇ. ರಾಶಿಯ ಒಳಗಿರುವ ಪ್ರತಿ ಹಣ್ಣಿಗೂ 12 ಹಣ್ಣುಗಳು ತಾಗಿಕೊಂಡಿರುತ್ತವೆ. ಒಂದೇ ಗಾತ್ರದ ಗೋಲಗಳನ್ನು ಇದಕ್ಕಿಂತ ಒತ್ತಾಗಿ ತುಂಬಲು ಆಗದು ಎಂದು ಕೆಪ್ಲರ್ 1611ರಲ್ಲೇ ಊಹಿಸಿದ್ದರು. ಅದಕ್ಕೆ ಥಾಮಸ್ ಹೇಲ್ಸ್ ಪುರಾವೆ ಮುಂದಿಟ್ಟದ್ದು 1998ರಲ್ಲಿ. ಕಾಯಕೇಂದ್ರಿತ ಜೋಡಣೆಯಲ್ಲಾದರೋ ಪ್ರತಿ ಪರಮಾಣುವಿಗೆ ತಾಗಿಕೊಂಡಿರುವ ನೆರೆಯವು ಎಂಟೇ.

ಈಗ ಲೆಕ್ಕಕ್ಕೆ ಬರೋಣ. ತಣ್ಣನೆಯ ಕಬ್ಬಿಣದ ಒಂದು ಪೆಟ್ಟಿಗೆಯಲ್ಲಿ ಎಷ್ಟು ಪರಮಾಣುಗಳಿವೆ? ಮೂಲೆಯ ಪರಮಾಣುವನ್ನು ಎಂಟು ಪೆಟ್ಟಿಗೆಗಳು ಹಂಚಿಕೊಳ್ಳುತ್ತವೆ. ಹಾಗಾಗಿ ಎಂಟು ಮೂಲೆಗಳದ್ದೆಲ್ಲ ಸೇರಿ ಒಂದು, ನಡುವಿನದು ಒಂದು, ಒಟ್ಟು ಎರಡು. ಒಂದು ಕಬ್ಬಿಣದ ಪರಮಾಣುವಿನ ತೂಕ ಗೊತ್ತು, ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ ಎಂದೂ ಗೊತ್ತು. ಎರಡು ಪರಮಾಣುಗಳ ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಪೆಟ್ಟಿಗೆಯ ಗಾತ್ರ ಸಿಗುತ್ತದೆ. ಅದರ ಘನಮೂಲ ತೆಗೆದರೆ ಅಂಚಿನ ಉದ್ದ 287 ಪಿಕೋಮೀಟರ್. ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಮೀಟರ್.

ಇಲ್ಲಿಂದ ತ್ರಿಜ್ಯಕ್ಕೆ ಹೋಗುವಾಗಲೇ ಬಹಳ ಮಂದಿ ಎಡವುವುದು. ಅಂಚಿನ ಎರಡು ತುದಿಗಳ ಪರಮಾಣುಗಳು ಒಂದಕ್ಕೊಂದು ತಾಗಿವೆ ಎಂದುಕೊಂಡು, ಅಂಚಿನ ಅರ್ಧವಾದ 143 ಅನ್ನೇ ತ್ರಿಜ್ಯ ಎಂದು ಬರೆದುಬಿಡುತ್ತಾರೆ. ತಪ್ಪು ಹಿಡಿಯುವುದು ಕಷ್ಟವೇನಲ್ಲ. ಆ ತ್ರಿಜ್ಯದ ಎರಡು ಗೋಲಗಳ ಗಾತ್ರವನ್ನು ಪೆಟ್ಟಿಗೆಯ ಗಾತ್ರದೊಂದಿಗೆ ಹೋಲಿಸಿದರೆ ಶೇ. 105 ತುಂಬಿದಂತಾಗುತ್ತದೆ, ಅಂದರೆ ಸೇರು ಹಿಡಿಯುವ ಪಾತ್ರೆಯಲ್ಲಿ ಸೇರಿಗಿಂತ ಹೆಚ್ಚು ಅಕ್ಕಿ. ಮೂಲೆಯವು ಪರಸ್ಪರ ಮುಟ್ಟುವುದೇ ಇಲ್ಲ. ಅವೆಲ್ಲ ಮುಟ್ಟುವುದು ನಡುವಿನದನ್ನು. ಆದ್ದರಿಂದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಪೆಟ್ಟಿಗೆಯನ್ನು ಸೀಳಿಕೊಂಡು ಹೋಗುವ ಕರ್ಣವನ್ನು ಅಳೆಯಬೇಕು. ಅದರ ಮೇಲೆ ಮೂಲೆಯದರ ಒಂದು ತ್ರಿಜ್ಯ, ನಡುವಿನದರ ಎರಡು, ಆಚೆ ಮೂಲೆಯದರ ಒಂದು, ಹೀಗೆ ನಾಲ್ಕು ತ್ರಿಜ್ಯಗಳು ಕೂರುತ್ತವೆ. ಕರ್ಣ ಅಂಚಿನ √3 ಪಟ್ಟು, ಅಂದರೆ 497. ನಾಲ್ಕರಿಂದ ಭಾಗಿಸಿದರೆ 124. ಈಗ ಎರಡು ಗೋಲಗಳು ಪೆಟ್ಟಿಗೆಯ ಶೇ. 68ರಷ್ಟನ್ನು ತುಂಬುತ್ತವೆ, ಮಿಕ್ಕ ಶೇ. 32 ಖಾಲಿ.

ಮುಖಕೇಂದ್ರಿತ ಪೆಟ್ಟಿಗೆಯಲ್ಲಿ ಪರಮಾಣುಗಳು ಮುಟ್ಟುವುದು ಮುಖದ ಕರ್ಣದ ಮೇಲೆ. ಅಲ್ಲಿ ಒಟ್ಟು ನಾಲ್ಕು ಪರಮಾಣುಗಳಿವೆ, ತುಂಬಿಕೆ ಶೇ. 74. ತಾಮ್ರ, ಬೆಳ್ಳಿ, ಚಿನ್ನ, ಅಲ್ಯೂಮಿನಿಯಂ ಎಲ್ಲವೂ ಈ ಜೋಡಣೆಯವೇ. ಈ ಶೇಕಡಾವಾರು ಗೋಲದ ಗಾತ್ರವನ್ನು ಅವಲಂಬಿಸಿಲ್ಲ. ಮೋಸಂಬಿಗೂ ಚಿನ್ನಕ್ಕೂ ಅದು ಒಂದೇ. ಲೋಹ ಯಾವ ಬಗೆಯದು ಎಂದು ತಿಳಿಯದೆ ಬರೀ ಸಾಂದ್ರತೆಯಿಂದ ತ್ರಿಜ್ಯ ಕಂಡುಹಿಡಿಯಲು ಹೋದರೆ ಮಾತ್ರ ಮೋಸ ಹೋಗುತ್ತೇವೆ. ತಣ್ಣನೆಯ ಕಬ್ಬಿಣವನ್ನು ಮುಖಕೇಂದ್ರಿತ ಎಂದುಕೊಂಡರೆ 128 ಬರುತ್ತದೆ, ನೋಡಲು ಏನೂ ಅಸಹಜವಾಗಿ ಕಾಣದ ಸಂಖ್ಯೆ. ಲೆಕ್ಕ ಇದನ್ನು ಹಿಡಿಯಲಾರದು, ಕ್ಷಕಿರಣವೇ ಬೇಕು. 1917ರಲ್ಲಿ ಆಲ್ಬರ್ಟ್ ಹಲ್ ಕಬ್ಬಿಣದ ಪುಡಿಯಿಂದ ಚದುರಿದ ಕ್ಷಕಿರಣಗಳ ಗೆರೆಗಳನ್ನು ನೋಡಿಯೇ ಅದು ಕಾಯಕೇಂದ್ರಿತ ಎಂದು ತೋರಿಸಿದ್ದು.

ಮತ್ತೆ ನಮ್ಮ ತಂತಿಗೆ ಬರೋಣ, ಏಕೆಂದರೆ ಅಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಶೇ. 68 ತುಂಬಿದ್ದ ಗೋಲಗಳು ಶೇ. 74ಕ್ಕೆ ಒತ್ತಾದರೆ ಕಬ್ಬಿಣದ ಗಾತ್ರ ಶೇ. 8ರಷ್ಟು ಕುಗ್ಗಬೇಕು. ನಿಜವಾಗಿ ಕುಗ್ಗುವುದು ಸುಮಾರು ಶೇ. 1 ಮಾತ್ರ, ಮೀಟರ್ ಉದ್ದದ ತಂತಿಯಲ್ಲಿ ಮೂರು ಮಿಲಿಮೀಟರಿನಷ್ಟು. ಉಳಿದ ಶೇ. 7 ಎಲ್ಲಿ ಹೋಯಿತು?

ಗೋಲವೇ ದಪ್ಪಗಾಯಿತು. 912 ಡಿಗ್ರಿಯಲ್ಲಿ ಅಳೆದರೆ ಜೋಡಣೆ ಬದಲಾಗುವ ಮುನ್ನ ಪರಮಾಣುವಿನ ತ್ರಿಜ್ಯ ಸುಮಾರು 126, ಬದಲಾದ ಮೇಲೆ ಸುಮಾರು 129. ಪರಮಾಣು ಗೋಲಿಯಂತೆ ಗಟ್ಟಿ ಅಂಚಿರುವ ವಸ್ತುವಲ್ಲ. ನಾವು ತ್ರಿಜ್ಯ ಎನ್ನುವುದು ಎರಡು ನೆರೆಯ ಪರಮಾಣುಗಳ ಕೇಂದ್ರಗಳ ನಡುವಿನ ಅಂತರದ ಅರ್ಧ, ಅಷ್ಟೇ. ತನ್ನಲ್ಲಿರುವ ಅವೇ ಎಲೆಕ್ಟ್ರಾನುಗಳಿಂದ ಎಂಟು ನೆರೆಯವರ ಜೊತೆ ಬಂಧ ಕಟ್ಟುವಾಗ ಪ್ರತಿ ಬಂಧ ಬಿಗಿಯಾಗಿರುತ್ತದೆ. ಹನ್ನೆರಡು ನೆರೆಯವರಿಗೆ ಹಂಚಬೇಕಾದಾಗ ಪ್ರತಿಯೊಂದೂ ಕೊಂಚ ಸಡಿಲವಾಗಿ ಉದ್ದವಾಗುತ್ತದೆ. ಹನ್ನೆರಡರಿಂದ ಎಂಟಕ್ಕೆ ಇಳಿದರೆ ತ್ರಿಜ್ಯ ಸುಮಾರು ಶೇ. 3 ಕಡಿಮೆಯಾಗುತ್ತದೆ ಎಂದು ವಿಕ್ಟರ್ ಗೋಲ್ಡ್‌ಸ್ಮಿತ್ 1920ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಒಂದು ಪುಸ್ತಕದಲ್ಲಿ ಕಬ್ಬಿಣದ ತ್ರಿಜ್ಯ 124 ಎಂದೂ ಇನ್ನೊಂದರಲ್ಲಿ 126 ಎಂದೂ ಇರುವುದು ಮುದ್ರಣದೋಷವಲ್ಲ. ಮೊದಲನೆಯದು ಕಬ್ಬಿಣದಲ್ಲಿ ಅಳೆದದ್ದು, ಎರಡನೆಯದು ಹನ್ನೆರಡು ನೆರೆಯವರಿಗೆ ಹೊಂದಿಸಿ ತಿದ್ದಿದ್ದು.

ಕಮ್ಮಾರರಿಗೆ ಬೇಕಾದದ್ದು ಈ ತುಂಬಿಕೆಗಿಂತ ಅದರ ಸಂದುಗಳು. ಒತ್ತಾಗಿರುವ ಮುಖಕೇಂದ್ರಿತದಲ್ಲಿ ಒಟ್ಟು ಖಾಲಿ ಜಾಗ ಕಡಿಮೆ, ಆದರೆ ಒಂದೊಂದು ಸಂದೂ ದೊಡ್ಡದು. ಅದರೊಳಗೆ ಪರಮಾಣುವಿನ ತ್ರಿಜ್ಯದ ಶೇ. 41ರಷ್ಟು ತ್ರಿಜ್ಯದ ಗೋಲ ಕೂರುತ್ತದೆ. ಕಾಯಕೇಂದ್ರಿತದಲ್ಲಿ ಖಾಲಿ ಜಾಗ ಹೆಚ್ಚಿದ್ದರೂ ಅದು ಚೂರುಚೂರಾಗಿ ಹಂಚಿಹೋಗಿದೆ. ದೊಡ್ಡ ಸಂದಿನಲ್ಲೂ ಶೇ. 29ಕ್ಕಿಂತ ದೊಡ್ಡದು ಹಿಡಿಸದು. ಹಾಗಾಗಿ ಇಂಗಾಲದ ಪರಮಾಣುಗಳು ಕಾದ ಮುಖಕೇಂದ್ರಿತ ಕಬ್ಬಿಣದಲ್ಲಿ ತೂಕದ ಶೇ. 2ರವರೆಗೆ ಕರಗಬಲ್ಲವು, ಕಾಯಕೇಂದ್ರಿತದಲ್ಲಿ ಶೇ. 0.02 ಮಾತ್ರ. ಕುಲುಮೆಯಿಂದ ಕೆಂಪಗೆ ತೆಗೆದ ಉಕ್ಕಿನ ಕುಡುಗೋಲನ್ನು ನೀರಿಗೆ ಅದ್ದಿದಾಗ ಜೋಡಣೆ ಹಿಂದಕ್ಕೆ ಮರಳಲು ಹೊರಡುತ್ತದೆ, ಆದರೆ ಇಂಗಾಲಕ್ಕೆ ಹೊರಬರಲು ಹೊತ್ತೇ ಸಾಲದು. ಅದು ಸಿಕ್ಕಿಬಿದ್ದ ಪೆಟ್ಟಿಗೆಗಳು ಒಂದು ದಿಕ್ಕಿಗೆ ಜಗ್ಗಿಹೋಗುತ್ತವೆ, ಅಲಗು ಗಡಸಾಗುತ್ತದೆ. ತಂತಿಯಲ್ಲಿ ಕುಗ್ಗಿದ ಗಾತ್ರ ಇಲ್ಲಿ ಮತ್ತೆ ಹಿಗ್ಗುತ್ತದೆ, ಅದೂ ಹೊರಮೈ ಮೊದಲು, ಒಳಗಿನದು ಆಮೇಲೆ. ಹೊರಮೈ ಆಗಲೇ ಗಡಸಾಗಿ ನಿಂತಿರುವಾಗ ಒಳಗಿನದು ಉಬ್ಬಿದರೆ, ನೀರಿನೊಳಗೇ ಟಣ್ಣೆಂದು ಸಣ್ಣ ಸದ್ದು ಕೇಳಿ ಅಲಗಿನಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ.