ಎಷ್ಟು ಬಾಕ್ಸ್ ಟೈಲ್ಸ್ ಬೇಕು?

ನೆಲಕ್ಕೆ ಹಾಕುವ ಟೈಲ್ಸ್ ಅಂಗಡಿಯಲ್ಲಿ ಚದರಡಿ ಲೆಕ್ಕದಲ್ಲಿ ದರ ಹೇಳಿದರೂ ಮಾರಾಟವಾಗುವುದು ಬಾಕ್ಸ್ ಲೆಕ್ಕದಲ್ಲಿ. ಎರಡಡಿ ಚೌಕದ, ಅಂದರೆ 600 ಮಿಲಿಮೀಟರ್ ಬದಿಯ ಟೈಲ್ಸ್ ಸಾಮಾನ್ಯವಾಗಿ ಬಾಕ್ಸಿಗೆ ನಾಲ್ಕು ಇರುತ್ತವೆ. ಒಂದು ಬಾಕ್ಸ್ ಸುಮಾರು 15.5 ಚದರಡಿ ನೆಲವನ್ನು ಮುಚ್ಚುತ್ತದೆ. ಅಳತೆ ಬರೆದ ಕೂಡಲೇ ಬಾಕ್ಸ್ ಸಂಖ್ಯೆ ಹೇಳುವ ಅಂದಾಜು ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಒಮ್ಮೆ ಮಾಡಿಟ್ಟರೆ ಮುಂದಿನ ಮನೆಗೂ ಅದೇ ಸಾಕು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಮೂರರಲ್ಲೂ ಇಲ್ಲಿನ ಸೂತ್ರಗಳು ನಡೆಯುತ್ತವೆ.

ಬದಲಾಗುವ ಸಂಖ್ಯೆಗಳನ್ನು ಸೂತ್ರದೊಳಗೆ ಹುದುಗಿಸದೆ ಹಾಳೆಯ ತಲೆಯಲ್ಲೇ ಬೇರೆಯಾಗಿ ಇಡಬೇಕು. B1 ಸೆಲ್‌ನಲ್ಲಿ ಪೋಲಿನ ಪ್ರಮಾಣ, B2ನಲ್ಲಿ ಒಂದು ಬಾಕ್ಸ್ ಮುಚ್ಚುವ ಚದರಡಿ. ಆರನೇ ಸಾಲಿನಿಂದ ಕೋಣೆಗಳ ಪಟ್ಟಿ ಶುರು: A ಕಾಲಂನಲ್ಲಿ ಕೋಣೆಯ ಹೆಸರು, B ಮತ್ತು Cಯಲ್ಲಿ ಉದ್ದದ ಅಡಿ ಹಾಗೂ ಇಂಚು, D ಮತ್ತು Eಯಲ್ಲಿ ಅಗಲದ ಅಡಿ ಹಾಗೂ ಇಂಚು. ಅಡಿ, ಇಂಚುಗಳಿಗೆ ಬೇರೆ ಬೇರೆ ಕಾಲಂ ಕೊಡುವುದು ಅತಿ ಎನಿಸಬಹುದು. ಆದರೆ ಹತ್ತೂವರೆ ಅಡಿಯನ್ನು, ಅಂದರೆ ಹತ್ತಡಿ ಆರಿಂಚನ್ನು, 10.6 ಎಂದು ಬರೆದುಬಿಡುವುದು ತೀರಾ ಸಾಮಾನ್ಯ, ಸರಿಯಾದದ್ದು 10.5. ಈ ತಪ್ಪು ನೋಡಿದರೆ ಗೊತ್ತಾಗುವಂಥದ್ದೂ ಅಲ್ಲ. F ಕಾಲಂನಲ್ಲಿ ವಿಸ್ತೀರ್ಣದ ಸೂತ್ರ ಬರೆದು 25ನೇ ಸಾಲಿನವರೆಗೆ ಎಳೆದರಾಯಿತು. ಖಾಲಿ ಸಾಲುಗಳು ಸೊನ್ನೆ ತೋರಿಸುತ್ತವೆ.

```
=(B6+C6/12)*(D6+E6/12)
```

ಹಾಲ್ 16 ಅಡಿಗೆ 12 ಅಡಿ 6 ಇಂಚು, ಮಲಗುವ ಕೋಣೆ 11 ಅಡಿಗೆ 10 ಅಡಿ 6 ಇಂಚು ಎಂದಿಟ್ಟುಕೊಂಡರೆ ವಿಸ್ತೀರ್ಣ 200 ಮತ್ತು 115.5, ಒಟ್ಟು 315.5 ಚದರಡಿ. ಗೋಡೆಯಂಚಿನಲ್ಲಿ ಕತ್ತರಿಸಿ ಉಳಿಯುವ ಚೂರು, ಒಡೆದ ಟೈಲ್ಸ್ ಇವಕ್ಕೆಂದು ನೇರ ಜೋಡಣೆಗೆ ಶೇ. 10ರಷ್ಟು ಪೋಲು ಹಿಡಿಯುವುದು ರೂಢಿ. ಓರೆಯಾಗಿ ಹಾಕಿಸುವುದಾದರೆ ಕತ್ತರಿಸುವುದು ಹೆಚ್ಚು, ಆಗ 15 ಹಿಡಿಯುತ್ತಾರೆ. ಹತ್ತರ ಲೆಕ್ಕದಲ್ಲಿ ಬೇಕಾಗುವುದು 347.05 ಚದರಡಿ, 15.5ರಿಂದ ಭಾಗಿಸಿದರೆ 22.39 ಬಾಕ್ಸ್. ಸಾಮಾನ್ಯ `ROUND` ಇದನ್ನು 22ಕ್ಕೆ ಇಳಿಸಿ ಕೆಲಸದ ಕೊನೆಯಲ್ಲಿ ಕೊರತೆ ತರುತ್ತದೆ. ಆದ್ದರಿಂದ B3ನಲ್ಲಿ, ಭಿನ್ನಾಂಶ ಎಷ್ಟೇ ಚಿಕ್ಕದಿದ್ದರೂ ಮೇಲಕ್ಕೇ ಏರಿಸುವ `ROUNDUP` ಬೇಕು:

```
=ROUNDUP(ROUND(SUM(F6:F25)*(1+B1)/B2,6),0)
```

ಉತ್ತರ 23. ಒಳಗಿರುವ `ROUND` ಸುಮ್ಮನೆ ಸೇರಿದ್ದಲ್ಲ. ಗಣಕ ದಶಮಾಂಶಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ ಲೆಕ್ಕ ಸರಿಯಾಗಿ 9 ಬರಬೇಕಾದಲ್ಲಿ 9ಕ್ಕಿಂತ ಕಾಣದಷ್ಟು ಹೆಚ್ಚು ಬರುವುದುಂಟು. ಆಗ `ROUNDUP` ಅದನ್ನು 10 ಮಾಡಬಹುದು. ಮೊದಲೇ ಆರು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದರೆ ಆ ಧೂಳು ಉದುರಿಹೋಗುತ್ತದೆ.

ಏರಿಸುವುದು ಕೊನೆಗೆ, ಒಂದೇ ಸಲ. ಕೋಣೆಕೋಣೆಗೂ ಏರಿಸಿದರೆ ಹಾಲ್‌ಗೆ 14.19 ಹೋಗಿ 15, ಮಲಗುವ ಕೋಣೆಗೆ 8.20 ಹೋಗಿ 9, ಕೂಡಿದರೆ 24: ಒಂದು ಬಾಕ್ಸ್ ದಂಡ. ಕೋಣೆಗಳಿಗೆ ಬೇರೆ ಬೇರೆ ಟೈಲ್ಸ್ ಆದರೆ ಮಾತ್ರ ಪ್ರತ್ಯೇಕ ಲೆಕ್ಕ. ಅದಕ್ಕೆ ಇದೇ ಹಾಳೆಯ ಇನ್ನೊಂದು ಪ್ರತಿ ಮಾಡಿಕೊಳ್ಳುವುದು ಸುಲಭ.

B1 ಸೆಲ್‌ಗೆ ಶೇಕಡಾ ರೂಪ ಕೊಟ್ಟಿರದಿದ್ದರೆ, ಅಲ್ಲಿ ಬರಿ 10 ಎಂದು ಬರೆದಾಗ ವಿಸ್ತೀರ್ಣ ಹನ್ನೊಂದು ಪಟ್ಟಾಗಿ 224 ಬಾಕ್ಸ್ ಎಂಬ ಉತ್ತರ ಬರುತ್ತದೆ. ಎರಡು ಕೋಣೆಯ ಪಟ್ಟಿಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ, ದೊಡ್ಡ ಕಟ್ಟಡದ ಪಟ್ಟಿಯಲ್ಲಿ ಹೊಡೆಯಲಾರದು. ಡೇಟಾ ವ್ಯಾಲಿಡೇಶನ್‌ನಲ್ಲಿ 0ರಿಂದ 0.25ರ ಮಿತಿ ಹಾಕಿದರೆ ಅಂಥ ಸಂಖ್ಯೆ ಒಳಗೇ ಬರದು. B4ನಲ್ಲಿ ನಿಜಕ್ಕೂ ಎಷ್ಟು ಹೆಚ್ಚುವರಿ ಕೊಂಡಂತಾಯಿತು ಎಂಬುದನ್ನೂ ತೋರಿಸಬಹುದು:

```
=B3*B2/SUM(F6:F25)-1
```

ಇಲ್ಲಿ ಅದು ಶೇ. 13. ಹತ್ತು ಕೇಳಿ ಹದಿಮೂರು ಆದದ್ದು ಬಾಕ್ಸ್ ಒಡೆದು ಮಾರುವುದಿಲ್ಲವಾದ್ದರಿಂದ. ಚಿಕ್ಕ ಕೆಲಸಗಳಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ.

ಈ ಲೆಕ್ಕ ವಿಸ್ತೀರ್ಣವನ್ನು ಬಲ್ಲದು, ಜೋಡಣೆಯನ್ನಲ್ಲ. ಟೈಲಿನ ಬದಿಯನ್ನು ಸರಿಯಾಗಿ ಎರಡಡಿ ಎಂದೇ ಹಿಡಿದರೆ, ಹಾಲಿನ 12 ಅಡಿ 6 ಇಂಚು ಅಗಲದಲ್ಲಿ ಆರು ಇಡೀ ಟೈಲ್ಸ್ ಹೋಗಿ ಆರಿಂಚಿನ ಪಟ್ಟಿ ಉಳಿಯುತ್ತದೆ. ಉದ್ದಕ್ಕೆ ಅಂಥ ಎಂಟು ಪಟ್ಟಿ. ಪ್ರತಿ ಪಟ್ಟಿಗೂ ಹೊಸ ಟೈಲ್ ಕತ್ತರಿಸಿದರೆ ಹಾಲ್‌ಗೆ 56, ಅದೇ ರೀತಿ ಮಲಗುವ ಕೋಣೆಗೆ 36, ಒಟ್ಟು 92, ಅಂದರೆ ಸರಿಯಾಗಿ 23 ಬಾಕ್ಸ್. ಒಂದು ಒಡೆದರೂ ಕೊರತೆ. ಮೇಸ್ತ್ರಿ ಒಂದು ಟೈಲಿನಿಂದ ಮೂರು ಪಟ್ಟಿ ತೆಗೆದರೆ ಹಾಲಿನ ಆ ಎಂಟು ಪಟ್ಟಿಗೆ ಮೂರೇ ಟೈಲ್ಸ್ ಸಾಕು, ಐದು ಉಳಿಯುತ್ತವೆ. ಆದ್ದರಿಂದ ಅಂಚಿನ ಪಟ್ಟಿಯನ್ನು ಹೇಗೆ ಕತ್ತರಿಸುತ್ತಾರೆಂದು ಮೇಸ್ತ್ರಿಯನ್ನು ಕೇಳಿದ ಮೇಲೆಯೇ B1 ತುಂಬಬೇಕು. ಅವರು ಹೇಳಿದ ಅಳತೆಯಲ್ಲೇ ಪೋಲು ಸೇರಿದೆಯೇ ಎಂಬುದನ್ನೂ ಕೇಳಬೇಕು, ಇಲ್ಲದಿದ್ದರೆ ಅದು ಎರಡು ಸಲ ಕೂಡುತ್ತದೆ. ಆಮೇಲೆ ತರಿಸಿಕೊಂಡ ಬಾಕ್ಸಿನ ಟೈಲ್ಸ್ ಬೇರೆ ಬ್ಯಾಚಿನದಾದರೆ ಬಣ್ಣದ ಛಾಯೆ ಹೊಂದದಿರಬಹುದು, ಹಾಗಾಗಿ ಸಂಶಯವಿದ್ದರೆ B1ನಲ್ಲಿ ಎರಡು ಮೂರು ಅಂಕ ಹೆಚ್ಚಿಡುವುದೇ ಲೇಸು.

ತುಂಬಬೇಕಾದ ಸೆಲ್‌ಗಳಿಗೆ ಹಳದಿ ಬಣ್ಣ ಕೊಟ್ಟು, ಅವಷ್ಟನ್ನೇ ಬೀಗಮುಕ್ತಗೊಳಿಸಿ, ಉಳಿದ ಹಾಳೆಗೆ ಪ್ರೊಟೆಕ್ಟ್ ಹಾಕಿದರೆ ಸೂತ್ರಗಳು ಕೈತಪ್ಪಿ ಅಳಿಯುವುದಿಲ್ಲ. ಮೂಲ ಕಡತವನ್ನು ಖಾಲಿಯಾಗಿಯೇ ಉಳಿಸಿ, ಪ್ರತಿ ಮನೆಗೂ ಅದರ ಪ್ರತಿಯಲ್ಲಿ ಅಳತೆ ತುಂಬಬೇಕು. ಟೈಲಿನ ಗಾತ್ರ ಬದಲಾದಾಗ ಬಾಕ್ಸ್ ಮೇಲೆ ಅಚ್ಚಾದ ವಿಸ್ತೀರ್ಣವನ್ನು ನೋಡಿ B2 ತಿದ್ದಬೇಕು. ಅದು ಚದರ ಮೀಟರಿನಲ್ಲಿದ್ದರೆ 10.764ರಿಂದ ಗುಣಿಸಬೇಕು.